ಎರಡು ಕಂತು, ಎರಡು ತಾರೀಖು

ಸಂಬಳ ತಡವಾದ ತಿಂಗಳು ಬಾಡಿಗೆ ಮನೆಯವರ ನಡೆಯೇ ಬದಲಾಗುತ್ತದೆ. ಕೆಳಗಿನ ಮನೆಯ ಓನರ್ ಎದುರಾಗದಿರಲಿ ಎಂದು ಮೆಟ್ಟಿಲಿಳಿಯುವ ಹೊತ್ತನ್ನು ಹಿಂದೆಮುಂದೆ ಮಾಡಿಕೊಳ್ಳುತ್ತೇವೆ. ಐದನೇ ತಾರೀಖು ಕಳೆಯುತ್ತದೆ. ಆರಕ್ಕೋ ಏಳಕ್ಕೋ ಅವರೇ ಕೇಳುತ್ತಾರೆ, "ಬಾಡಿಗೆ ಬಂದಿಲ್ವಲ್ಲಮ್ಮ?" ನಾವು ಬರೆಯುತ್ತೇವೆ, "ಸ್ವಲ್ಪ ತೊಂದರೆ ಇದೆ ಅಂಕಲ್, ಆದಷ್ಟು ಬೇಗ ಕಳಿಸ್ತೀವಿ." ಈ ಉತ್ತರದಲ್ಲಿ ವಿನಯಕ್ಕೆ ಕೊರತೆಯಿಲ್ಲ. ಆದರೆ ಓನರ್‌ಗೆ ತಿಳಿಯಬೇಕಾದ ಎರಡು ವಿಷಯಗಳೂ ಅದರಲ್ಲಿಲ್ಲ: ಎಷ್ಟು ಬರುತ್ತದೆ, ಯಾವತ್ತು ಬರುತ್ತದೆ.

ಒಂದು ತಿಂಗಳ ಬಾಡಿಗೆಯನ್ನು ಎರಡು ಕಂತಿನಲ್ಲಿ ಕೊಡುತ್ತೇನೆಂದು ಕೇಳುವ ಮೆಸೇಜ್ ಚೆನ್ನಾಗಿರಬೇಕಾದರೆ ಅದನ್ನು ಮನೆಯ ಲೆಕ್ಕದ ಪುಸ್ತಕದ ಮುಂದೆ ಕೂತು ಬರೆಯಬೇಕು. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಬೆಂಗಳೂರಿನ ಒಂದು ಎರಡಂತಸ್ತಿನ ಮನೆ. ಕೆಳಗೆ ಓನರ್ ದಂಪತಿ, ಮೇಲೆ ಬಾಡಿಗೆಗೆ ಗಂಡ, ಹೆಂಡತಿ, ಶಾಲೆಗೆ ಹೋಗುವ ಮಗ, ವಯಸ್ಸಾದ ಅತ್ತೆ. ಬಾಡಿಗೆ 15,000 ರೂಪಾಯಿ, ನೀರಿಗೆ 500, ಒಟ್ಟು 15,500. ಹನ್ನೊಂದು ತಿಂಗಳ ಕರಾರು ಪತ್ರದಲ್ಲಿ ಆಯಾ ತಿಂಗಳ ಬಾಡಿಗೆ 5ನೇ ತಾರೀಖಿನೊಳಗೆ ಸಂದಾಯವಾಗಬೇಕು ಎಂದಿದೆ. ಸಂಬಳ ಪ್ರತಿ ತಿಂಗಳು 1ಕ್ಕೆ ಬರುತ್ತಿತ್ತು. ಮೇ ತಿಂಗಳ ಸಂಬಳ ಮಾತ್ರ ಜೂನ್ 17ಕ್ಕೆ ಬರುತ್ತದೆಂದು ಕಂಪನಿಯವರು ತಿಳಿಸಿದ್ದಾರೆ. ಜೂನ್ 2ರ ಸಂಜೆ ಬ್ಯಾಂಕಿನಲ್ಲಿರುವುದು 17,800 ರೂಪಾಯಿ.

ಮೇಲ್ನೋಟಕ್ಕೆ ಬಾಡಿಗೆ ಪೂರ್ತಿ ಕಟ್ಟಬಹುದು ಅನ್ನಿಸುತ್ತದೆ. ಕಟ್ಟಿದರೆ ಉಳಿಯುವುದು 2,300. ಅಷ್ಟರಲ್ಲಿ ಎರಡು ವಾರ ಸಾಗಿಸಲಾಗದೆ ಹತ್ತನೇ ತಾರೀಖಿಗೆ ಕೈಸಾಲಕ್ಕೆ ಓಡಬೇಕಾಗುತ್ತದೆ. ಹಾಗಾಗಿ ಮನೆಯಾಕೆ ಮೊದಲು ಬರೆದುಕೊಳ್ಳುವುದು 17ರವರೆಗೆ ತಪ್ಪಿಸಲಾಗದ ಖರ್ಚನ್ನು. ರೇಷನ್ನು ತರಕಾರಿಗೆ 3,500, ಹಾಲಿಗೆ 900, ಬಸ್ಸು ಪೆಟ್ರೋಲಿಗೆ 1,400, ಅತ್ತೆಯ ಮಾತ್ರೆಗಳಿಗೆ 1,100, ಮಗನ ಸ್ಕೂಲ್ ವ್ಯಾನಿಗೆ 1,200. ಕೂಡಿದರೆ 8,100. ಕೈಯಲ್ಲಿರುವ 17,800ರಲ್ಲಿ ಇದನ್ನು ಕಳೆದರೆ 9,700. ಅದರಲ್ಲಿ 700 ಆಪತ್ತಿಗೆಂದು ಬಿಟ್ಟು, ಮೊದಲ ಕಂತು 9,000 ಎಂದು ಗೊತ್ತುಮಾಡಿಕೊಳ್ಳುತ್ತಾಳೆ. ಉಳಿದ 6,500 ಎರಡನೆಯದು.

ಬಾಡಿಗೆಯನ್ನು ಅರ್ಧರ್ಧ ಮಾಡಬೇಕೆಂದೇನೂ ಇಲ್ಲ. ಮೊದಲ ಕಂತು ಅರ್ಧಕ್ಕಿಂತ ಹೆಚ್ಚಿದ್ದರೆ ಓನರ್‌ಗೆ ಧೈರ್ಯ ಬರುತ್ತದೆ, ನಮಗೂ ಉಳಿದ ಹೊರೆ ಕಡಿಮೆ. ಆದರೆ ಮೆಚ್ಚಿಸಲೆಂದು ಕೈಲಾಗದ ಮೊತ್ತ ಹೇಳಿ, ಕೊನೇ ಗಳಿಗೆಯಲ್ಲಿ ಕಡಿಮೆ ಕಳಿಸಿದರೆ, ಮೊದಲ ದಿನವೇ ಮಾತು ತಪ್ಪಿದಂತಾಗುತ್ತದೆ.

ಇನ್ನು ತಾರೀಖು. ಮೊದಲ ಕಂತಿಗೆ ಕರಾರಿನ ದಿನವೇ ಸರಿ, ಜೂನ್ 5, ಶುಕ್ರವಾರ. ಶುಕ್ರವಾರ ಮನೆಯ ಲಕ್ಷ್ಮಿಯನ್ನು ಹೊರಗೆ ಕಳಿಸುವುದಿಲ್ಲ ಎನ್ನುವ ಮನೆಯವರಾದರೆ ಗುರುವಾರವೇ ಕಳಿಸಬಹುದು, ಮುಂಚೆ ಬಂದರೆ ಯಾರೂ ಬೇಡವೆನ್ನರು. ಎರಡನೇ ಕಂತಿಗೆ ಸಂಬಳದ ದಿನವನ್ನೇ ಬರೆಯಬಾರದು. ಹದಿನೇಳಕ್ಕೆ ಎಂದ ಸಂಬಳ ಆ ದಿನ ರಾತ್ರಿ ಬರಬಹುದು, ಮಾರನೇ ದಿನವೂ ಬರಬಹುದು. ಎರಡು ಮೂರು ದಿನ ಅಂತರ ಬಿಟ್ಟು ಜೂನ್ 20, ಶನಿವಾರ ಎಂದು ಇಟ್ಟುಕೊಳ್ಳುವುದು ಒಳ್ಳೆಯದು. ಅದು ತಿಂಗಳ ಮೂರನೇ ಶನಿವಾರ. ಬ್ಯಾಂಕಿಗೆ ರಜೆ ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ. ತಾರೀಖಿನ ಜೊತೆ ವಾರವನ್ನೂ ಬರೆದರೆ ಇಬ್ಬರ ಮನಸ್ಸಿನಲ್ಲೂ ಒಂದೇ ದಿನ ಕೂರುತ್ತದೆ. "ಇಪ್ಪತ್ತರ ಸುಮಾರಿಗೆ" ಎಂದು ಬರೆದರೆ ಓನರ್ ಹದಿನೆಂಟರಿಂದ ಕಾಯುತ್ತಾರೆ, ನಾವು ಇಪ್ಪತ್ತೈದರವರೆಗೂ ಸಮಯವಿದೆ ಅಂದುಕೊಳ್ಳುತ್ತೇವೆ. ಜಗಳಕ್ಕೆ ಆ ಒಂದು ವಾರ ಸಾಕು.

ಈಗ ಮೆಸೇಜ್ ಬರೆಯಬಹುದು. ಜೂನ್ 2ರ ಸಂಜೆ, ಅಂದರೆ ಬಾಡಿಗೆಯ ದಿನಕ್ಕೆ ಮೂರು ದಿನ ಮುಂಚೆ:

"ಅಂಕಲ್, ನಮಸ್ಕಾರ. ಮೇಲಿನ ಮನೆಯಿಂದ. ಈ ಸಲ ನಮ್ಮವರ ಸಂಬಳ 17ನೇ ತಾರೀಖಿಗೆ ಆಗುತ್ತೆ ಅಂತ ಕಂಪನಿಯಲ್ಲಿ ಹೇಳಿದ್ದಾರೆ. ಅದಕ್ಕೆ ಜೂನ್ ತಿಂಗಳ ಬಾಡಿಗೆ, ನೀರು ಸೇರಿ 15,500, ಎರಡು ಕಂತಲ್ಲಿ ಕೊಡೋಕೆ ನೀವು ಒಪ್ಪಬೇಕು ಅಂತ ಕೇಳ್ತಿದ್ದೀನಿ. ಜೂನ್ 5 ಶುಕ್ರವಾರ 9,000. ಜೂನ್ 20 ಶನಿವಾರ 6,500. ಜುಲೈ ಬಾಡಿಗೆ ಎಂದಿನ ಹಾಗೆ 5ನೇ ತಾರೀಖಿನೊಳಗೆ ಪೂರ್ತಿ ಕೊಡ್ತೀವಿ. ಈ ತಾರೀಖುಗಳಿಂದ ನಿಮಗೆ ತೊಂದರೆ ಇದ್ದರೆ ಹೇಳಿ, ಬಂದು ಮಾತಾಡ್ತೀನಿ."

ಇದರಲ್ಲಿ ಕಾರಣ ಒಂದೇ ಸಾಲು. ಕಷ್ಟದ ಕಥೆ ಉದ್ದವಾದಷ್ಟೂ ಓದುವವರಿಗೆ "ಮುಂದಿನ ತಿಂಗಳೂ ಇದೇ ಆಗಬಹುದೇನೋ" ಎಂಬ ಅನುಮಾನ ಹೆಚ್ಚುತ್ತದೆ. ಆ ಅನುಮಾನಕ್ಕೆ ಉತ್ತರವಾಗಿಯೇ ಜುಲೈ ಬಾಡಿಗೆಯ ಸಾಲು ಇದೆ. ಯಾವ ತಿಂಗಳ ಬಾಡಿಗೆ ಎಂಬುದನ್ನೂ ಬಿಡಿಸಿ ಹೇಳಿದೆ. ಕೆಲವರು ಆಯಾ ತಿಂಗಳ ಬಾಡಿಗೆಯನ್ನು ಮೊದಲೇ ಕೊಡುತ್ತಾರೆ, ಕೆಲವರು ತಿಂಗಳು ಮುಗಿದ ಮೇಲೆ. ಬರೀ "ಈ ತಿಂಗಳ ಬಾಡಿಗೆ" ಎಂದರೆ ಮುಂದೊಂದು ದಿನ ಲೆಕ್ಕ ಕೂಡಿಸುವಾಗ ಒಂದು ತಿಂಗಳು ಆಚೀಚೆ ಆಗಬಹುದು. ಕೊನೆಯದಾಗಿ, ಇಲ್ಲಿ ಒಪ್ಪಿಗೆ ಕೇಳಲಾಗಿದೆ, ತೀರ್ಮಾನ ತಿಳಿಸಿಲ್ಲ.

ಒಪ್ಪಿಗೆ ಕೇಳುವುದು ಬರೀ ಮರ್ಯಾದೆಯ ಮಾತಲ್ಲ. ಕರಾರು ಪತ್ರದಲ್ಲಿ 5ನೇ ತಾರೀಖು ಎಂದಿರುವಾಗ ಅದನ್ನು ನಾವೊಬ್ಬರೇ ಬದಲಿಸಲಾಗದು. ಆದರೆ ಬರಬೇಕಾದವರು ತಾವಾಗಿ ಗಡುವನ್ನು ಮುಂದೂಡಬಹುದು ಎಂದು 1872ರ ಭಾರತೀಯ ಕರಾರು ಕಾಯ್ದೆಯ 63ನೇ ಸೆಕ್ಷನ್ ಹೇಳುತ್ತದೆ. ಓನರ್ "ಆಯ್ತಮ್ಮ, ಹಾಗೇ ಮಾಡಿ" ಎಂದು ಬರೆದರೆ ಆ ಒಂದು ತಿಂಗಳ ಮಟ್ಟಿಗೆ ಗಡುವು ಬದಲಾಯಿತು ಎನ್ನಲು ನಮ್ಮಲ್ಲಿ ಬರಹವಿರುತ್ತದೆ. ಎರಡು ನೀಲಿ ಗೆರೆ ಬಂದರೆ ಮೆಸೇಜ್ ಓದಿದ್ದಾರೆ ಎಂದರ್ಥವೇ ಹೊರತು ಒಪ್ಪಿದ್ದಾರೆ ಎಂದಲ್ಲ. ಅವರು ಫೋನಿನಲ್ಲಿ ಅಥವಾ ಗೇಟಿನ ಹತ್ತಿರ ಹೂಂ ಅಂದರೆ, ಅದೇ ದಿನ "ನೀವು ಒಪ್ಪಿದ ಹಾಗೆ 5ಕ್ಕೆ ಇಷ್ಟು, 20ಕ್ಕೆ ಇಷ್ಟು ಕಳಿಸ್ತೀನಿ ಅಂಕಲ್, ಥ್ಯಾಂಕ್ಸ್" ಎಂದು ಒಂದು ಸಾಲು ಬರೆದಿಡಬೇಕು.

ಓನರ್ ಒಪ್ಪದಿರಲೂಬಹುದು. ಅದಕ್ಕೆ ಮನಸ್ಸಿನ ಬಿಗಿಯೇ ಕಾರಣವಾಗಬೇಕಿಲ್ಲ. ಬಾಡಿಗೆಯ ದುಡ್ಡಿನಲ್ಲೇ ಮನೆಸಾಲದ ಕಂತು ಕಟ್ಟುವವರಿದ್ದಾರೆ, ಅದರಲ್ಲೇ ಔಷಧಿ ತರುವ ನಿವೃತ್ತರಿದ್ದಾರೆ. ಸಾಲದ ಕಂತಿನ ದಿನ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಬ್ಯಾಂಕು ಅವರಿಗೆ ದಂಡ ಹಾಕುತ್ತದೆ. ನಮ್ಮ ಉದಾಹರಣೆಯ ಅಂಕಲ್ ಉತ್ತರ ಹೀಗಿದೆ ಎಂದುಕೊಳ್ಳೋಣ: "10ಕ್ಕೆ ನಮ್ಮ ಲೋನ್ ಕಟ್ ಆಗುತ್ತಮ್ಮ. ಹತ್ತು ಸಾವಿರ ಬೇಕೇ ಬೇಕು. ಉಳಿದದ್ದು ನಿಧಾನವಾದ್ರೂ ಪರವಾಗಿಲ್ಲ."

ಇದು ನಿರಾಕರಣೆಯಲ್ಲ, ಲೆಕ್ಕಕ್ಕೆ ಕೊಟ್ಟ ಲೆಕ್ಕ. ಆಕೆಯ ಬಳಿ ಬಾಡಿಗೆಗೆ ಸಿಗುವುದು 700 ಸೇರಿಸಿದರೂ 9,700. ವ್ಯಾನಿನವರಿಗೆ ಫೋನು ಮಾಡಿ ಕೇಳಿದಾಗ ಅವರು 18ರವರೆಗೆ ಕಾಯಲು ಒಪ್ಪುತ್ತಾರೆ. 1,200 ಬಿಡುವಾಯಿತು. ಈಗ ಹತ್ತು ಸಾವಿರ ಕೊಟ್ಟರೂ ಕೈಯಲ್ಲಿ 900 ಉಳಿಯುತ್ತದೆ. ಆಕೆ ಹಳೆಯ ಮೆಸೇಜನ್ನು ಹಾಗೇ ಬಿಡದೆ ಹೊಸ ಮೊತ್ತದೊಂದಿಗೆ ಮತ್ತೆ ಬರೆಯುತ್ತಾಳೆ: "ಸರಿ ಅಂಕಲ್. ಜೂನ್ 5 ಶುಕ್ರವಾರ 10,000, ಜೂನ್ 20 ಶನಿವಾರ 5,500. ಒಟ್ಟು 15,500." ಮಾತುಕತೆಯಲ್ಲಿ ಅಂಕಿ ಬದಲಾದಾಗಲೆಲ್ಲ ಕೊನೆಯ ಲೆಕ್ಕವನ್ನು ಪೂರ್ತಿಯಾಗಿ ಬರೆಯದಿದ್ದರೆ, ಒಬ್ಬರ ನೆನಪಿನಲ್ಲಿ 6,500 ಉಳಿಯುತ್ತದೆ, ಇನ್ನೊಬ್ಬರ ನೆನಪಿನಲ್ಲಿ 5,500.

ದುಡ್ಡು ಕಳಿಸುವಾಗಲೂ ಒಂದು ಎಚ್ಚರ ಬೇಕು. ಯುಪಿಐ ಆ್ಯಪಿನಲ್ಲಿ ಟಿಪ್ಪಣಿ ಬರೆಯುವ ಚಿಕ್ಕ ಜಾಗವಿರುತ್ತದೆ. ಅದರಲ್ಲಿ "ಜೂನ್ ಬಾಡಿಗೆ, ಮೊದಲ ಕಂತು", ಆಮೇಲೆ "ಜೂನ್ ಬಾಡಿಗೆ, ಎರಡನೇ ಕಂತು, ಪೂರ್ತಿ" ಎಂದು ಬರೆಯಬೇಕು. ಅದೇ ಕರಾರು ಕಾಯ್ದೆಯ 59 ಮತ್ತು 60ನೇ ಸೆಕ್ಷನ್‌ಗಳು ಇದನ್ನೇ ಕುರಿತಿವೆ. ಒಬ್ಬರಿಗೆ ಹಲವು ಬಾಕಿ ಕೊಡಬೇಕಿರುವವರು ಯಾವ ಬಾಕಿಗೆಂದು ಹೇಳಿ ದುಡ್ಡು ಕೊಟ್ಟರೆ, ಪಡೆದವರು ಅದಕ್ಕೇ ಜಮಾ ಮಾಡಬೇಕು. ಏನೂ ಹೇಳದೆ ಕೊಟ್ಟರೆ, ಯಾವುದಕ್ಕೆ ಜಮಾ ಮಾಡಬೇಕೆಂಬ ಆಯ್ಕೆ ಪಡೆದವರದು. ನೀರಿನ ಬಾಕಿ, ಮೋಟಾರ್ ರಿಪೇರಿಯ ಪಾಲು ಹೀಗೆ ಬೇರೆ ಲೆಕ್ಕಗಳೂ ಇರುವ ಮನೆಯಲ್ಲಿ, ಹೆಸರಿಲ್ಲದೆ ಹೋದ 5,500 ಎಲ್ಲೋ ಜಮೆಯಾಗಿ ಜೂನ್ ಬಾಡಿಗೆ ಬಾಕಿ ಎಂದೇ ಉಳಿಯಬಹುದು. ನಗದಾಗಿ ಕೊಟ್ಟರೆ ಪ್ರತಿ ಕಂತಿಗೂ ರಸೀದಿ, ಅದೂ ಇಲ್ಲದಿದ್ದರೆ "10,000 ಬಂತು" ಎಂಬ ಮೆಸೇಜ್ ಪಡೆಯಬೇಕು.

ಹದಿನೇಳಕ್ಕೆ ಸಂಬಳ ಬಾರದಿದ್ದರೆ? ಇಪ್ಪತ್ತರವರೆಗೆ ಕಾಯಬಾರದು. ಹದಿನೆಂಟರಂದೇ ತಿಳಿಸಿ, ಕೈಯಲ್ಲಿರುವ ಐನೂರೋ ಸಾವಿರವೋ ಕಳಿಸಿ, ಹೊಸ ತಾರೀಖು ಒಂದನ್ನು ಕೇಳಬೇಕು. ಹೀಗೆ ಒಂದು ಸಲ ಕೇಳಬಹುದು. ಎರಡನೇ ಸಲ ಕೇಳುವ ಹೊತ್ತಿಗೆ ತಾರೀಖಿಗೆ ಬೆಲೆಯೇ ಉಳಿದಿರುವುದಿಲ್ಲ.

ಈ ದಾರಿಗೆ ಇರುವ ಮಿತಿಯೂ ಇದೇ. ಬರುವ ದುಡ್ಡು ಬಂದೇ ಬರುತ್ತದೆ, ದಿನ ಮಾತ್ರ ಜಾರಿದೆ ಎಂದಾಗ ಎರಡು ಕಂತು ಕೆಲಸ ಮಾಡುತ್ತದೆ. ನಮ್ಮ ಉದಾಹರಣೆಯಲ್ಲಿ ಸಂಬಳ 32,000 ಎಂದಿಟ್ಟುಕೊಂಡರೆ, 17ಕ್ಕೆ ಅದು ಬಂದಾಗ 5,500 ಬಾಡಿಗೆಗೂ 1,200 ವ್ಯಾನಿಗೂ ಹೋಗಿ 25,300 ಉಳಿಯುತ್ತದೆ. ಜುಲೈ ಬಾಡಿಗೆಯ 15,500 ಅನ್ನು ಅದರಲ್ಲೇ ತೆಗೆದಿಟ್ಟರೂ ಮನೆಖರ್ಚಿಗೆ 9,800 ಇರುತ್ತದೆ. ಹಾಗಾಗಿಯೇ ಆಕೆ ಜುಲೈ ಮಾತನ್ನು ಧೈರ್ಯವಾಗಿ ಬರೆಯಬಹುದು. ಕೆಲಸವೇ ಹೋಗಿದ್ದರೆ, ಸಂಬಳವೇ ಅರ್ಧವಾಗಿದ್ದರೆ, ಎರಡನೇ ಕಂತು ಮುಂದಿನ ತಿಂಗಳ ಬಾಡಿಗೆಯ ಮೇಲೆ ಬಂದು ಕೂರುತ್ತದೆ. ಆಗ ಕಂತಿನ ಮೆಸೇಜ್ ಕಳಿಸುವುದಕ್ಕಿಂತ ಓನರ್ ಎದುರು ಕೂತು, ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವುದೋ, ಚಿಕ್ಕ ಮನೆಗೆ ಹೋಗುವುದೋ ಎಂದು ನೇರವಾಗಿ ಮಾತಾಡುವುದು ಇಬ್ಬರಿಗೂ ಒಳಿತು.

ಜೂನ್ 20ರ ಬೆಳಿಗ್ಗೆ ಆಕೆ 5,500 ಕಳಿಸಿ ಕೊನೆಯ ಸಾಲು ಬರೆಯುತ್ತಾಳೆ: "ಅಂಕಲ್, ಜೂನ್ ಬಾಡಿಗೆ ಪೂರ್ತಿ ಆಯ್ತು. 10,000 ಮತ್ತು 5,500." ಕೆಳಗಿನಿಂದ "ಬಂತಮ್ಮ" ಎಂಬ ಉತ್ತರ ಬರುತ್ತದೆ. ಆ ಒಂದು ಪದ ಬಂದ ಮೇಲೆ ಜೂನ್ ಲೆಕ್ಕ ಮುಗಿಯಿತು. ಈ ಹದಿನೆಂಟು ದಿನವೂ ಮೆಟ್ಟಿಲಿಳಿಯುವ ಹೊತ್ತನ್ನು ಆಕೆ ಒಮ್ಮೆಯೂ ಬದಲಿಸಿಕೊಳ್ಳಬೇಕಾಗಿ ಬರಲಿಲ್ಲ.