ಗುಣಿಸಬಲ್ಲ ಪಟ್ಟಿಗೆ ಕೂಡಲು ಬಾರದು

ಪಿಯುಸಿ ಮಕ್ಕಳ ಲಾಗರಿದಮ್ ವರ್ಕ್‌ಶೀಟ್ ತಿದ್ದಲು ಕೂತ ಗಣಿತದ ಮೇಷ್ಟರಿಗೆ ಒಂದು ಸಾಲು ಮತ್ತೆ ಮತ್ತೆ ಎದುರಾಗುತ್ತದೆ: log(a + b) = log a + log b. ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದರೂ ಮುಂದಿನ ಪರೀಕ್ಷೆಯಲ್ಲಿ ಅದೇ ಸಾಲು ಹಾಜರು. ಇದಕ್ಕೆ ಕಾರಣವಿದೆ. 5(a + b) = 5a + 5b ಎಂದು ವರ್ಷಗಟ್ಟಲೆ ಬಿಡಿಸಿ ಪಳಗಿದ ಕೈ, ಆವರಣ ಕಂಡೊಡನೆ log ಅನ್ನೂ ಒಂದು ಗುಣಕವೆಂದೇ ಎಣಿಸಿ ಒಳಗೆ ಹಂಚಿಬಿಡುತ್ತದೆ. ಈ ತಪ್ಪು ಎಲ್ಲಿದೆ ಎಂದು ಕಣ್ಣಿಗೆ ಕಾಣುವಂತೆ ತೋರಿಸುವ ಹಳೆಯ ಯಂತ್ರವೊಂದಿದೆ: ಸ್ಲೈಡ್ ರೂಲ್.

ಜಾನ್ ನೇಪಿಯರ್ 1614ರಲ್ಲಿ ಲಾಗರಿದಮ್ ಅನ್ನು ಜಗತ್ತಿನ ಮುಂದಿಟ್ಟ. ಮುಂದಿನ ದಶಕದಲ್ಲೇ ಇಂಗ್ಲೆಂಡಿನ ವಿಲಿಯಂ ಆಟ್ರೆಡ್ ಲಾಗ್ ಅಳತೆಯ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಜರುಗಿಸಿ ಲೆಕ್ಕ ಮಾಡುವ ಉಪಾಯ ಕಂಡುಕೊಂಡ. 1972ರಲ್ಲಿ ಎಚ್‌ಪಿ-35 ಎಂಬ ಜೇಬಿನ ಕ್ಯಾಲ್ಕುಲೇಟರ್ ಬರುವವರೆಗೂ ಇಂಜಿನಿಯರುಗಳ ಲೆಕ್ಕ ಬಹುಪಾಲು ಈ ಪಟ್ಟಿಯ ಮೇಲೆಯೇ ನಡೆಯಿತು. ಈಗ ಅದನ್ನು ಹುಡುಕಿ ತರಬೇಕಾಗಿಲ್ಲ. ಒಂದು ಮೀಟರ್ ಉದ್ದದ ಎರಡು ಕಾಗದದ ಪಟ್ಟಿಗಳಿದ್ದರೆ ಸಾಕು.

ಪಟ್ಟಿಯ ಎಡತುದಿಯಲ್ಲಿ 1 ಎಂದು ಬರೆಯಿರಿ, ಬಲತುದಿಯಲ್ಲಿ 10. ನಡುವಿನ ಪ್ರತಿ ಸಂಖ್ಯೆಯನ್ನೂ ಅದರ ಲಾಗ್ ಹೇಳುವ ದೂರದಲ್ಲಿ ಗುರುತಿಸಬೇಕು. log 2 ಎಂದರೆ 0.301, ಹಾಗಾಗಿ 2 ಇರುವುದು 30.1 ಸೆಂ.ಮೀ.ನಲ್ಲಿ. 3ರ ಜಾಗ 47.7, 5ರ ಜಾಗ 69.9, 6ರ ಜಾಗ 77.8 ಸೆಂ.ಮೀ. ಎರಡನೆಯ ಪಟ್ಟಿಗೂ ಇದೇ ಗುರುತುಗಳು. ಈಗ ಕೆಳಗಿನ ಪಟ್ಟಿಯ 2ರ ಮೇಲೆ ಮೇಲಿನ ಪಟ್ಟಿಯ 1 ಬರುವಂತೆ ಜರುಗಿಸಿ, ಮೇಲಿನ 3ರ ಕೆಳಗೆ ಏನಿದೆ ನೋಡಿ. 30.1ಕ್ಕೆ 47.7 ಸೇರಿ 77.8 ಆಯಿತು, ಅಲ್ಲಿರುವುದು 6.

ಪಟ್ಟಿ ಕೂಡಿದ್ದು ಉದ್ದಗಳನ್ನು, ನಮಗೆ ಸಿಕ್ಕಿದ್ದು ಸಂಖ್ಯೆಗಳ ಗುಣಲಬ್ಧ. log 2 + log 3 ಎಂದು ಬರೆದಾಗಲೆಲ್ಲ ಆಗುವುದು ಇದೇ. 2 + 3ರ ಉತ್ತರವಾದ 5 ಇರುವುದು ಇನ್ನೆಲ್ಲೋ, 69.9ರಲ್ಲಿ. ಅಂದರೆ log(2 + 3) = log 2 + log 3 ಎಂದು ಬರೆದವರು 5 ಮತ್ತು 6 ಒಂದೇ ಎಂದು ಬರೆದಂತಾಯಿತು.

ಹಾಗಾದರೆ ಸಂಖ್ಯೆ ಹಾಕಿ ನೋಡಿದರೆ ಎಲ್ಲ ತಪ್ಪೂ ಸಿಕ್ಕಿಬೀಳುತ್ತದೆಯೇ? ಇಲ್ಲಿ ಎಚ್ಚರ ಬೇಕು. a ಮತ್ತು b ಎರಡಕ್ಕೂ 2 ಹಾಕಿದ ಹುಡುಗಿಗೆ log 4 = log 2 + log 2 ಸರಿಯಾಗಿಯೇ ಬರುತ್ತದೆ; ತಪ್ಪು ನಿಯಮ ಪಾಸಾಗಿಬಿಡುತ್ತದೆ. ಮೊತ್ತವೂ ಗುಣಲಬ್ಧವೂ ಒಂದೇ ಆಗುವ ಜೋಡಿಗಳಲ್ಲೆಲ್ಲ ಹೀಗಾಗುತ್ತದೆ. 3 ಮತ್ತು 1.5 ಅಂಥ ಇನ್ನೊಂದು ಜೋಡಿ: ಕೂಡಿದರೂ 4.5, ಗುಣಿಸಿದರೂ 4.5. ಸಂಖ್ಯೆಗಳು ಹೊಂದಿಕೊಂಡದ್ದರಿಂದ ನಿಯಮ ಸರಿಯಾಗುವುದಿಲ್ಲ, ಹೊಂದದ ಒಂದೇ ಒಂದು ಜೋಡಿ ಸಿಕ್ಕರೂ ನಿಯಮ ಬಿದ್ದುಹೋಗುತ್ತದೆ. ಆದ್ದರಿಂದ ಪರೀಕ್ಷಿಸಲು 1 ಮತ್ತು 2ರಂಥ ಸಲೀಸು ಸಂಖ್ಯೆಗಳನ್ನು ಬಿಟ್ಟು, ಒಂದಕ್ಕೊಂದು ಬೇರೆಯಾದ 3 ಮತ್ತು 5ರಂಥವನ್ನು ಆರಿಸಬೇಕು.

ಮೊತ್ತದ ಲಾಗ್ ಬೇಕೇಬೇಕು ಎನ್ನುವ ಲೆಕ್ಕಗಳೂ ಉಂಟು. ಖಗೋಳದ ಲೆಕ್ಕದಲ್ಲಿ a ಮತ್ತು bಯ ಲಾಗ್ ಮಾತ್ರ ಕೈಯಲ್ಲಿದ್ದು, a + bಯ ಲಾಗ್ ಬೇಕಾಗುತ್ತಿತ್ತು. ಇದಕ್ಕಾಗಿ ಲಿಯೊನೆಲ್ಲಿ ಎಂಬ ಇಟಲಿಯ ಗಣಿತಜ್ಞ ಒಂದು ಬೇರೆಯೇ ಕೋಷ್ಟಕವನ್ನು ಸೂಚಿಸಿದ, 1812ರಲ್ಲಿ ಗೌಸ್ ಅಂಥದೊಂದನ್ನು ಪ್ರಕಟಿಸಿದ. ಅದರ ಆಧಾರ ಇಷ್ಟೇ: a + bಯಿಂದ a ಅನ್ನು ಹೊರತೆಗೆದರೆ a(1 + b/a) ಆಗುತ್ತದೆ, ಈಗ ಅದು ಗುಣಾಕಾರ. ಹಾಗಾಗಿ

log(a + b) = log a + log(1 + b/a)

2 ಮತ್ತು 3ಕ್ಕೆ ಇದನ್ನು ಹಾಕಿ. 3/2 ಎಂದರೆ 1.5, ಒಂದು ಸೇರಿಸಿದರೆ 2.5. ನಮ್ಮ ಪಟ್ಟಿಯಲ್ಲಿ 2.5 ಇರುವುದು 39.8ರಲ್ಲಿ. 30.1ಕ್ಕೆ 39.8 ಸೇರಿಸಿದರೆ 69.9, ಸರಿಯಾಗಿ 5ರ ಗುರುತು. ಆದರೆ ನಡುವೆ 1 ಕೂಡಿಸಿದ್ದು ನಾವು, ಪಟ್ಟಿಯಲ್ಲ. ಆ ಕೂಡಿಕೆಯನ್ನು ಪಟ್ಟಿಯಿಂದ ಮಾಡಿಸಲು ಬರುವುದಿಲ್ಲ; ಅದಕ್ಕೇ ಗೌಸ್‌ಗೆ ಬೇರೆ ಕೋಷ್ಟಕ ಬೇಕಾದದ್ದು.

ವರ್ಕ್‌ಶೀಟಿನ ಉಳಿದ ತಪ್ಪುಗಳನ್ನೂ ಇದೇ ಪಟ್ಟಿ ಹಿಡಿದುಕೊಡುತ್ತದೆ. log 8 / log 2 ಅನ್ನು log(8/2) ಎಂದು ಬರೆಯುವುದು ಅಂಥದೊಂದು. 8 ಇರುವುದು 90.3ರಲ್ಲಿ. ಅದರಿಂದ 30.1 ಕಳೆದರೆ 60.2, ಅಲ್ಲಿರುವುದು 4. ಭಾಗಾಕಾರದ ನಿಯಮ ಹೇಳುವುದು ಈ ಕಳೆಯುವಿಕೆಯನ್ನು. 90.3 ಅನ್ನು 30.1ರಿಂದ ಭಾಗಿಸಿದರೆ ಬರುವ 3 ಬೇರೆಯೇ ಪ್ರಶ್ನೆಗೆ ಉತ್ತರ: 2ರ ಉದ್ದವನ್ನು ಎಷ್ಟು ಸಲ ಇಟ್ಟರೆ 8ಕ್ಕೆ ತಲುಪುತ್ತೇವೆ? 2ರ ಘಾತ 3 ಎಂದರೆ 8 ಅಲ್ಲವೇ. ಆಧಾರ ಬದಲಿಸುವ ಸೂತ್ರದಲ್ಲಿ ಕಾಣುವ ಭಾಗಾಕಾರ ಇದು.

ಇನ್ನೊಂದು, (log x)² ಅನ್ನು 2 log x ಎನ್ನುವುದು. 3ರ ಉದ್ದವನ್ನು ಇಮ್ಮಡಿಸಿದರೆ 95.4 ಬಂದು 9 ಸಿಗುತ್ತದೆ. ಇದು log(3²). ವರ್ಗ ಲಾಗ್‌ನ ಒಳಗಿದ್ದರೆ ಮಾತ್ರ ಉದ್ದ ಇಮ್ಮಡಿಯಾಗುತ್ತದೆ. ಇಲ್ಲೂ ಹಿಂದಿನದೇ ಬಲೆ ಇದೆ. ಸುಲಭವೆಂದು x = 100 ಹಾಕಿದರೆ ಲಾಗ್ 2 ಆಗಿ, ಅದರ ವರ್ಗವೂ 4, ಇಮ್ಮಡಿಯೂ 4. x = 1000 ಹಾಕಿದರೆ ಒಂದು ಕಡೆ 9, ಇನ್ನೊಂದು ಕಡೆ 6; ಬಣ್ಣ ಬಯಲಾಗುತ್ತದೆ.

ಕೊನೆಗೆ ಒಂದು ಸಮೀಕರಣ: log x + log(x + 3) = 1. ಮೊತ್ತದ ತಪ್ಪು ಇಲ್ಲಿ ತಲೆಕೆಳಗಾಗಿ ಬರುತ್ತದೆ. ಎರಡು ಲಾಗ್‌ಗಳನ್ನು log(2x + 3) ಎಂದು ಸೇರಿಸಿದವರಿಗೆ 2x + 3 = 10 ಆಗಿ x = 3.5 ಸಿಗುತ್ತದೆ. ತಾಳೆ ನೋಡಿದರೆ 0.544 + 0.813 = 1.357. ಬೇಕಾದದ್ದು 1, ಆದ್ದರಿಂದ ತಪ್ಪು.

ಸರಿಯಾದ ನಿಯಮದಂತೆ x(x + 3) = 10. ಅಪವರ್ತಿಸಿದರೆ x = 2 ಅಥವಾ x = −5. 2 ಸರಿ ಹೊಂದುತ್ತದೆ: 0.301 + 0.699 = 1. −5 ಕೂಡ ಗುಣಾಕಾರದಲ್ಲಿ ತಪ್ಪೆನಿಸುವುದಿಲ್ಲ, (−5) × (−2) = 10. ಆದರೆ −5ರ ಗುರುತನ್ನು ಪಟ್ಟಿಯಲ್ಲಿ ಎಲ್ಲಿ ಹುಡುಕುವುದು? 1ರಿಂದ ಎಡಕ್ಕೆ ಪಟ್ಟಿಯನ್ನು ಉದ್ದ ಮಾಡುತ್ತ ಹೋದರೆ ಒಂದು ಮೀಟರಿಗೆ 0.1, ಇನ್ನೊಂದು ಮೀಟರಿಗೆ 0.01 ಸಿಗುತ್ತದೆ. ಎಷ್ಟು ದೂರ ಹೋದರೂ ಸೊನ್ನೆ ಬರುವುದಿಲ್ಲ, ಸೊನ್ನೆಯಾಚೆಗಿನ ಋಣಸಂಖ್ಯೆಗಂತೂ ಜಾಗವೇ ಇಲ್ಲ. ಲಾಗ್‌ಗಳನ್ನು ಒಂದುಗೂಡಿಸಿದಾಗ ಈ ಷರತ್ತು ಮರೆಯಾಗುತ್ತದೆ, ಬಿಡಿಬಿಡಿಯಾಗಿ ನೋಡಿದಾಗ ಕಾಣುತ್ತದೆ. ಹಾಗಾಗಿ ಸಿಕ್ಕ ಬೆಲೆಯನ್ನು ಹಾಕಿ ನೋಡಬೇಕಾದದ್ದು ಕೊಟ್ಟ ಸಮೀಕರಣದ ಮೊದಲ ಸಾಲಿನಲ್ಲಿ, ನಾವೇ ಸರಳಗೊಳಿಸಿದ ಸಾಲಿನಲ್ಲಲ್ಲ.