7,500 ಕಿಲೋದ ಗೆರೆ

ಹುಬ್ಬಳ್ಳಿಯ ಎಪಿಎಂಸಿ ಅಂಗಳದಲ್ಲಿ ಎರಡು ಲಾರಿಗಳು ಈರುಳ್ಳಿ ಇಳಿಸುತ್ತ ನಿಂತಿವೆ ಎಂದುಕೊಳ್ಳಿ. ಎರಡಕ್ಕೂ ಆರಾರು ಚಕ್ರ, ಎತ್ತರವೂ ಹೆಚ್ಚುಕಡಿಮೆ ಒಂದೇ. ಮೊದಲನೆಯದನ್ನು ಕಾರಿನ ಲೈಸೆನ್ಸ್ ಇರುವ ಚಾಲಕ ನಿಶ್ಚಿಂತೆಯಿಂದ ಓಡಿಸಬಹುದು. ಎರಡನೆಯದರ ಸ್ಟೇರಿಂಗ್ ಹಿಡಿದರೆ ಅದೇ ಚಾಲಕ ಕಾನೂನು ಮುರಿದಂತೆ. ವ್ಯತ್ಯಾಸ ಇರುವುದು ಆರ್‌.ಸಿ.ಯಲ್ಲಿ: ಒಂದರ ಒಟ್ಟು ತೂಕ 7,490 ಕಿಲೋ, ಇನ್ನೊಂದರದು 8,500.

1988ರ ಮೋಟಾರು ವಾಹನ ಕಾಯ್ದೆ ವಾಹನಗಳನ್ನು ತೂಕದಿಂದ ವಿಂಗಡಿಸುತ್ತದೆ. 7,500 ಕಿಲೋವರೆಗಿನದು ಲಘು ವಾಹನ, 12,000 ಕಿಲೋ ದಾಟಿದ್ದು ಭಾರಿ ವಾಹನ, ನಡುವಿನದು ಮಧ್ಯಮ. ಲಘು ವಾಹನದ ಮಿತಿ ಮೊದಲು 6,000 ಇತ್ತು. 1994ರ ತಿದ್ದುಪಡಿ ಅದನ್ನು ಏರಿಸಿತು. ಕೆಲವು ಕಂಪನಿಗಳು ತಮ್ಮ ಲಾರಿಯನ್ನು ಸರಿಯಾಗಿ 7,490ಕ್ಕೆ ನಿಲ್ಲಿಸುವುದೇಕೆ ಎಂಬುದು ಈ ಗೆರೆಯನ್ನು ಕಂಡ ಮೇಲೆ ತಾನಾಗಿ ತಿಳಿಯುತ್ತದೆ.

ಯಾವ ತೂಕ ಎಂಬಲ್ಲೇ ಬಹಳ ಮಂದಿ ಎಡವುತ್ತಾರೆ. ಲಾರಿ, ಟೆಂಪೋ, ಮಿನಿ ಬಸ್ಸುಗಳಿಗೆ ಲೆಕ್ಕಕ್ಕೆ ಬರುವುದು ವಾಹನ ಮತ್ತು ಅದು ಹೊರಬಹುದಾದ ಗರಿಷ್ಠ ಹೊರೆ ಸೇರಿ ಆರ್‌ಟಿಒ ನೋಂದಾಯಿಸಿದ ಒಟ್ಟು ತೂಕ. ಕಾರು, ಟ್ರ್ಯಾಕ್ಟರ್, ರೋಡ್ ರೋಲರ್‌ಗಳಿಗೆ ಮಾತ್ರ ಖಾಲಿ ತೂಕ. ಹಾಗಾಗಿ 8,500 ಕಿಲೋದ ಲಾರಿ ಸರಕು ಇಳಿಸಿ, ನಾಲ್ಕು ಟನ್ ಹಗುರಾಗಿ ಊರಿಗೆ ಮರಳುವಾಗಲೂ ಮಧ್ಯಮ ವಾಹನವೇ. 7,490ರ ಲಾರಿಗೆ ಒಂಬತ್ತು ಟನ್ನಾಗುವಷ್ಟು ತುಂಬಿದರೆ ವರ್ಗ ಬದಲಾಗುವುದಿಲ್ಲ. ಅದು ಓವರ್‌ಲೋಡ್ ಎಂಬ ಬೇರೆಯೇ ಅಪರಾಧ.

ತೂಕವನ್ನೇ ಅಳತೆಗೋಲಾಗಿ ಹಿಡಿದದ್ದಕ್ಕೆ ರಸ್ತೆಯಲ್ಲೇ ಕಾರಣವಿದೆ. ಒಂದು ಟನ್ನಿನ ಕಾರೂ ಹದಿನಾರು ಟನ್ನಿನ ಲಾರಿಯೂ ಒಂದೇ ವೇಗದಲ್ಲಿದ್ದರೆ, ಲಾರಿಯ ಬ್ರೇಕು ಹದಿನಾರು ಪಟ್ಟು ಶಕ್ತಿಯನ್ನು ಶಾಖವಾಗಿ ಕರಗಿಸಬೇಕು. ಶಿರಾಡಿ ಘಾಟಿ ಇಳಿಯುವಾಗ ಬ್ರೇಕನ್ನೇ ನಂಬಿ ಪೆಡಲ್ ಒತ್ತುತ್ತ ಹೋದರೆ ಡ್ರಮ್ ಕಾದು ಹಿಡಿತ ತಪ್ಪುತ್ತದೆ. ಕಡಿಮೆ ಗೇರಿನಲ್ಲಿ ಎಂಜಿನ್ ತಡೆಯಲ್ಲಿ ಇಳಿಯಬೇಕು, ಏರ್ ಬ್ರೇಕಿನ ಗಾಳಿಯ ಒತ್ತಡದ ಮೇಲೆ ಕಣ್ಣಿಟ್ಟಿರಬೇಕು. ಉದ್ದದ ವಾಹನ ತಿರುಗುವಾಗ ಹಿಂದಿನ ಚಕ್ರ ಒಳಕ್ಕೆ ಎಳೆದುಕೊಂಡು ಬರುತ್ತದೆ. ಮೂಲೆಯಲ್ಲಿ ನಿಂತ ಬೈಕು ಸಿಕ್ಕಿಬೀಳುವುದು ಹಾಗೆ. ಕಾರು ಓಡಿಸಿ ಇವನ್ನು ಕಲಿಯಲಾಗದು.

ವಿಚಿತ್ರವೆಂದರೆ, ಕಾಯ್ದೆಯ ವ್ಯಾಖ್ಯೆಯಲ್ಲಿ ಮಧ್ಯಮ ಮತ್ತು ಭಾರಿ ಎಂಬ ಎರಡು ವರ್ಗ ಇದ್ದರೂ ಲೈಸೆನ್ಸಿಗೆ ಅವು ಪ್ರತ್ಯೇಕವಾಗಿ ಉಳಿದಿಲ್ಲ. 1994ರ ತಿದ್ದುಪಡಿಯೇ ಮಧ್ಯಮ ಸರಕು, ಮಧ್ಯಮ ಪ್ರಯಾಣಿಕ, ಭಾರಿ ಸರಕು, ಭಾರಿ ಪ್ರಯಾಣಿಕ ಎಂಬ ನಾಲ್ಕನ್ನೂ ತೆಗೆದು ‘ಸಾರಿಗೆ ವಾಹನ’ ಎಂಬ ಒಂದೇ ಹೆಸರು ಇಟ್ಟಿತು. ಜಗಳ ಶುರುವಾದದ್ದು ಇಲ್ಲಿಂದ. ಬಾಡಿಗೆಗೆ ಓಡುವ ಸಣ್ಣ ಗೂಡ್ಸ್ ಗಾಡಿಯೂ ಸಾರಿಗೆ ವಾಹನವೇ ತಾನೆ? ಹಾಗಾದರೆ ಅದಕ್ಕೂ ಬೇರೆ ಲೈಸೆನ್ಸ್ ಬೇಕಲ್ಲ ಎಂದು ವಿಮಾ ಕಂಪನಿಗಳು ವಾದಿಸಿ, ಅಪಘಾತದ ಪರಿಹಾರದ ಹೊಣೆ ನಿರಾಕರಿಸತೊಡಗಿದವು.

2017ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಚಾಲಕರ ಪರ ನಿಂತಿತು. ವಾದ ಅಲ್ಲಿಗೆ ನಿಲ್ಲದೆ ಐವರ ಪೀಠಕ್ಕೆ ಹೋಯಿತು. 2024ರ ನವೆಂಬರ್ 6ರಂದು ಆ ಪೀಠವೂ ಅದೇ ಮಾತನ್ನು ಎತ್ತಿಹಿಡಿಯಿತು: ಒಟ್ಟು ತೂಕ 7,500 ಕಿಲೋ ಮೀರದಿದ್ದರೆ, ಬಾಡಿಗೆ ವಾಹನವಾದರೂ ಲಘು ವಾಹನದ ಲೈಸೆನ್ಸ್ ಸಾಕು. ಇಂಥ ಚಾಲಕರಿಂದಲೇ ಅಪಘಾತ ಹೆಚ್ಚುತ್ತಿದೆ ಎನ್ನಲು ಯಾವ ಅಂಕಿಅಂಶವನ್ನೂ ತೋರಿಸಿಲ್ಲ ಎಂದೂ ನ್ಯಾಯಾಲಯ ಗುರುತಿಸಿತು. ಸಣ್ಣ ಗಾಡಿಯನ್ನೇ ನಂಬಿ ಬದುಕುವವರಿಗೆ ಇದು ನ್ಯಾಯವಾದ ತೀರ್ಪು.

ಗೆರೆಯ ಆಚೆಗೆ ಮಾತ್ರ ಷರತ್ತುಗಳು ಹಾಗೇ ಇವೆ. ವಯಸ್ಸು 20 ತುಂಬಿರಬೇಕು, ಲಘು ವಾಹನದ ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷ ಆಗಿರಬೇಕು, ವೈದ್ಯಕೀಯ ಪ್ರಮಾಣಪತ್ರ ಬೇಕು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅಪಾಯಕಾರಿ ಸರಕು ಸಾಗಿಸುವ ವಾಹನಕ್ಕೆ ತೂಕ ಎಷ್ಟೇ ಇರಲಿ, ವಿಶೇಷ ಅನುಮತಿ ಬೇಕೇಬೇಕು.

ಮತ್ತೆ ಎಪಿಎಂಸಿ ಅಂಗಳಕ್ಕೆ ಬರೋಣ. ಕಾಯಂ ಚಾಲಕ ಬಂದಿಲ್ಲವೆಂದು 8,500ರ ಲಾರಿಯನ್ನು ಮಾಲೀಕ ಕಾರಿನ ಡ್ರೈವರ್ ಕೈಗೆ ಕೊಟ್ಟ, ದಾರಿಯಲ್ಲಿ ಬೈಕ್ ಸವಾರನಿಗೆ ಗುದ್ದಿತು ಎಂದಿಟ್ಟುಕೊಳ್ಳಿ. ಇಂಥ ಪ್ರಕರಣಗಳಲ್ಲಿ ನ್ಯಾಯಮಂಡಳಿ ಸಾಮಾನ್ಯವಾಗಿ, ಗಾಯಗೊಂಡವರಿಗೆ ವಿಮಾ ಕಂಪನಿಯೇ ಮೊದಲು ಹಣ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎನ್ನುತ್ತದೆ. ಪ್ರೀಮಿಯಂ ತಪ್ಪದೆ ಕಟ್ಟಿದ್ದರೂ ಲಕ್ಷಗಟ್ಟಲೆ ಹೊರೆ ಮಾಲೀಕನ ಹೆಗಲಿಗೇ ಬರುತ್ತದೆ. ಕೀಲಿ ಕೊಡುವ ಮುನ್ನ ಆರ್‌.ಸಿ.ಯಲ್ಲಿ ಒಟ್ಟು ತೂಕದ ಸಾಲು ಹುಡುಕಿ, ಚಾಲಕನ ಕಾರ್ಡಿನಲ್ಲಿರುವ ವರ್ಗದೊಂದಿಗೆ ಹೋಲಿಸಿ ನೋಡಲು ಎರಡು ನಿಮಿಷವೂ ಬೇಕಿರಲಿಲ್ಲ.