ಗೆರೆ ಸರಿದದ್ದು ಯಾಕೆ?

ಪುಣೆಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ನಾನು ಬೇಡಿಕೆ–ಪೂರೈಕೆಯ ನಕ್ಷೆಯನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಒಂದನ್ನೊಂದು ದಾಟುವ ಎರಡು ಗೆರೆ, ಪಕ್ಕದಲ್ಲಿ ಮತ್ತೊಂದು ಗೆರೆ, ನಡುವೆ ಒಂದು ಬಾಣ. ಅಷ್ಟು ಸಾಲದು ಎಂದು ನನಗೆ ಗೊತ್ತಾದದ್ದು ನಾಸಿಕ್ ಕಡೆಯ ವಿದ್ಯಾರ್ಥಿನಿಯೊಬ್ಬಳ ಉತ್ತರಪತ್ರಿಕೆಯಿಂದ. ಅವಳ ಮನೆಯವರು ಈರುಳ್ಳಿ ಬೆಳೆಗಾರರು.

2023ರ ಡಿಸೆಂಬರ್ 8ರಂದು ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಷೇಧಿಸಿತು. ಲಾಸಲಗಾಂವ್ ಮಾರುಕಟ್ಟೆಯಲ್ಲಿ ದರ ಕುಸಿಯಿತು. ಇದನ್ನು ನಕ್ಷೆಯಲ್ಲಿ ತೋರಿಸಿ ಎಂದು ಕೇಳಿದ್ದೆ. ದರ ಇಳಿದದ್ದರಿಂದ ಪೂರೈಕೆ ರೇಖೆ ಎಡಕ್ಕೆ ಸರಿಯಿತು ಎಂದು ಆಕೆ ಬರೆದಿದ್ದಳು. ಪೂರೈಕೆ ಎಡಕ್ಕೆ ಸರಿದರೆ ದರ ಏರಬೇಕಲ್ಲ ಎಂದೆ. "ಹಾಗಾದರೆ ನಮ್ಮಪ್ಪನಿಗೆ ಯಾಕೆ ಸಿಗಲಿಲ್ಲ, ಸರ್?" ಎಂದು ಕೇಳಿದಳು.

ಉತ್ತರ ನನ್ನ ಗೆರೆಗಳಲ್ಲಿರಲಿಲ್ಲ. ಅಂದು ಸಂಜೆ ನಕ್ಷೆಯನ್ನು ಹೊಸದಾಗಿ ಬರೆಯಲು ಕೂತೆ.

ಮೊದಲು ಪ್ರತಿ ಗೆರೆಯ ಪಕ್ಕದಲ್ಲಿ ಅದು ಯಾರದು ಎಂದು ಬರೆದೆ. ಬೇಡಿಕೆ ರೇಖೆಯ ಮೇಲೆ 'ದೇಶದೊಳಗಿನ ವ್ಯಾಪಾರಿಗಳು + ರಫ್ತುದಾರರು'. ನಿಷೇಧ ಬಂದಾಗ ಎರಡನೆಯವರು ಹೊರಬಿದ್ದರು. ಯಾವ ದರದಲ್ಲೇ ಆಗಲಿ, ಕೊಳ್ಳುವ ಒಟ್ಟು ಮಾಲು ಕಡಿಮೆಯಾಯಿತು. ಆದ್ದರಿಂದ ಎಡಕ್ಕೆ ಸರಿದದ್ದು ಬೇಡಿಕೆ ರೇಖೆ. ಬಾಣದ ಮೇಲೆ ಕಾರಣವನ್ನೂ ಬರೆದೆ: 'ರಫ್ತು ನಿಷೇಧ, ರಫ್ತುದಾರರು ಇಲ್ಲ'.

ಪೂರೈಕೆ ರೇಖೆ ಇದ್ದಲ್ಲೇ ಇತ್ತು. ದರ ಇಳಿದಾಗ ರೈತ ಅದೇ ಗೆರೆಯ ಮೇಲೆ ಕೆಳಗೆ ಜಾರುತ್ತಾನೆ. ಇದನ್ನು ಚುಕ್ಕೆಚುಕ್ಕೆ ಬಾಣದಿಂದ ತೋರಿಸಿದೆ. ಬಾಣದ ಮೇಲೆ 'ದರ' ಎಂದಷ್ಟೇ ಬರೆಯುವಂತಿದ್ದರೆ ಗೆರೆ ಸರಿದಿಲ್ಲ ಎಂದೇ ಅರ್ಥ. ಏಕೆಂದರೆ ದರ ಆಗಲೇ ಲಂಬ ಅಕ್ಷದಲ್ಲಿದೆ. ಗೆರೆ ಸರಿಸುವ ಕಾರಣ ಅಕ್ಷಗಳ ಹೊರಗಿನಿಂದ ಬರಬೇಕು: ಅಕಾಲಿಕ ಮಳೆ, ಬೀಜದ ಬೆಲೆ, ಸರ್ಕಾರದ ಆದೇಶ.

ಕೊನೆಯ ಟಿಪ್ಪಣಿ ಅವಳಪ್ಪನದು. ಡಿಸೆಂಬರಿನಲ್ಲಿ ಬರುವುದು ಮುಂಗಾರಿನ ಕೆಂಪು ಈರುಳ್ಳಿ. ಬೇಸಿಗೆಯಲ್ಲಿ ಕೀಳುವ ಹಿಂಗಾರಿನ ಈರುಳ್ಳಿಯಂತೆ ಅದನ್ನು ತಿಂಗಳುಗಟ್ಟಲೆ ಇಡಲಾಗುವುದಿಲ್ಲ, ಕೊಳೆಯುತ್ತದೆ. ದರ ಎಷ್ಟೇ ಇರಲಿ, ಮಾರಲೇಬೇಕು. ಹಾಗಾಗಿ ಪೂರೈಕೆ ರೇಖೆಯನ್ನು ಬಹುತೇಕ ನೆಟ್ಟಗೆ ಎಳೆದು, 'ಇಡಲಾಗದ ಮಾಲು' ಎಂದು ಬರೆದೆ. ಗೆರೆ ನೆಟ್ಟಗಿದ್ದಷ್ಟೂ ಬೇಡಿಕೆಯ ಪೆಟ್ಟು ಪ್ರಮಾಣಕ್ಕಿಂತ ದರದ ಮೇಲೆ ಬೀಳುತ್ತದೆ.

ನಕ್ಷೆಯ ಮೂಲೆಯಲ್ಲಿ 'ಡಿಸೆಂಬರ್ 2023' ಎಂದೂ ಬರೆದೆ. ಈ ದರ ನೋಡಿ ರೈತರು ಮುಂದಿನ ಹಂಗಾಮಿಗೆ ಕಡಿಮೆ ನೆಟ್ಟರೆ, ಆಗಿನ ಪೂರೈಕೆ ರೇಖೆ ಎಡಕ್ಕಿರುತ್ತದೆ. ಅದಕ್ಕೆ ಬೇರೆ ನಕ್ಷೆ ಬೇಕು. ಅವಳು ಬರೆದದ್ದು ಹೆಚ್ಚುಕಡಿಮೆ ಅದನ್ನೇ, ಆದರೆ ಒಂದು ಹಂಗಾಮು ಮೊದಲೇ.

ಮರುದಿನ ಅವಳಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ಫೋನಿನಲ್ಲಿ ಫೋಟೊ ತೆಗೆದುಕೊಂಡಳು. "ಅಪ್ಪನಿಗೆ ಕಳಿಸ್ತೀನಿ ಸರ್" ಎಂದಳು.